ಮಳೆಗೆ ಮೊದಲು ಕಪಾಟು ಖಾಲಿ ಮಾಡಿದೆ: ಉಣ್ಣೆ ಪಕ್ಕದಲ್ಲಿದ್ದ ಸೀರೆಯ ಜರಿ ಮಾತ್ರ ಕಪ್ಪಾಗಿದೆ, ಯಾಕೆ?

ಮುಲುಂಡ್ ಮೂರನೇ ಮಾಳಿಗೆ

ಸ್ಟೀಲ್ ಕಪಾಟು ಪೂರ್ತಿ ಖಾಲಿ ಮಾಡಿ ಮಂಚದ ಮೇಲೆ ಹರಡಿದ್ದೇನೆ. 26 ರೇಷ್ಮೆ ಸೀರೆ, ಸ್ವೆಟರ್, ಶಾಲು, ಕಂಬಳಿ ಎಲ್ಲ ಸೇರಿ 14 ಉಣ್ಣೆ ಬಟ್ಟೆ, ಜೊತೆಗೆ ಸಂಘದ ಕಾರ್ಯಕ್ರಮಗಳಲ್ಲಿ ಮನೆಯವರಿಗೆ ಹೊದಿಸಿದ 11 ಸನ್ಮಾನದ ಶಾಲು. ಇಟ್ಟುಕೊಳ್ಳುವುದು, ರಿಪೇರಿಗೆ ಕೊಡುವುದು, ದಾನಕ್ಕೆ, ಎಸೆಯಲಿಕ್ಕೆ ಎಂದು ನಾಲ್ಕು ರಾಶಿ ಮಾಡಬೇಕು. ಹೆಚ್ಚಿನವು ಸುಲಭವಾಗಿ ಮುಗಿದವು. ಸಿಕ್ಕಿಹಾಕಿಕೊಂಡವು ಇಷ್ಟು:

ಮೈಸೂರು ಸಿಲ್ಕ್ ಒಂದು. ಮಡಿಸಿಟ್ಟಾಗ ಮೇಲೆ ಬರುವ ಕಡೆಯ ಜರಿ ಕಪ್ಪಾಗಿದೆ, ಒಳಮಡಿಕೆಯ ಜರಿ ಹೊಳೆಯುತ್ತಿದೆ. ಅದರ ಮೇಲೆ ಉಣ್ಣೆಯ ಶಾಲುಗಳಿದ್ದವು. ಇನ್ನೊಂದು ಸೀರೆಯ ಅಂಚು ಕೆಂಪುಗಟ್ಟಿ ಅಲ್ಲಲ್ಲಿ ಹಸಿರು ಹಿಡಿದಿದೆ. ಅತ್ತೆಯ ಪೈಠಣಿಯ ಸೆರಗಿನಲ್ಲಿ ಮಡಿಕೆಯ ಗೆರೆಯಲ್ಲೇ ಎರಡು ಬೆರಳಗಲ ಸೀಳಿದೆ. ಇಳಕಲ್ ಸೀರೆ ಸೆರಗು ಮತ್ತು ಒಡಲು ಸೇರುವಲ್ಲಿ ಪಿಸಿದಿದೆ. ಕಾಶ್ಮೀರಿ ಶಾಲಿನಲ್ಲಿ ಆರು ತೂತು. ಎಂಟು ರೇಷ್ಮೆ ಬ್ಲೌಸುಗಳ ಕಂಕುಳು ಹೋಗಿದೆ.

ಯಾವುದು ಯಾವ ರಾಶಿಗೆ? ಉಳಿದವನ್ನು ಸೆಪ್ಟೆಂಬರಿನವರೆಗೆ ಹೇಗೆ ಇಡುವುದು?

ಸೆರಗಿನ ಕೊನೆ

ರಾಶಿ ಮಾಡುವ ಮೊದಲು ಒಂದು ಕೆಲಸ ಇವತ್ತೇ ಮಾಡಿ: ಉಣ್ಣೆಯನ್ನೂ ಜರಿ ಸೀರೆಯನ್ನೂ ಬೇರೆ ಬೇರೆ ಕೋಣೆಗೆ ಒಯ್ಯಿರಿ. ಒಂದೇ ಕಪಾಟಿನ ಬೇರೆ ಖಾನೆ ಸಾಲದು.

ಉಣ್ಣೆಯಲ್ಲಿ ಗಂಧಕ ಇದೆ, ಕೂದಲಲ್ಲಿ ಇರುವ ಹಾಗೆಯೇ. ಕೂದಲು ಸುಟ್ಟಾಗ ಬರುವ ವಾಸನೆಯಲ್ಲಿ ಗಂಧಕದ ಪಾಲೂ ಇದೆ. ಮುಚ್ಚಿದ ಜಾಗದಲ್ಲಿ, ಸೆಕೆ ಮತ್ತು ತೇವ ಸೇರಿದರೆ, ಉಣ್ಣೆ ಅದನ್ನು ಅತಿ ಸಣ್ಣ ಪ್ರಮಾಣದಲ್ಲಿ ಬಿಡುತ್ತಾ ಇರುತ್ತದೆ. ಬೆಳ್ಳಿಗೆ ಅಷ್ಟೇ ಸಾಕು, ಕಪ್ಪಗಾಗುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಬೆಳ್ಳಿ ಸಾಮಾನಿರುವ ಪೆಟ್ಟಿಗೆಗೆ ಉಣ್ಣೆ ಬಟ್ಟೆ ಹಾಸದಿರುವುದು ಇದಕ್ಕೇ. ಮೈಸೂರು ಸಿಲ್ಕಿನ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ. ಚಿನ್ನ ಮೇಲಿನ ತೆಳು ಲೇಪ ಮಾತ್ರ, ಅದರ ಸಂದಿಗಳಲ್ಲಿ ಬೆಳ್ಳಿ ಗಾಳಿಗೆ ತೆರೆದೇ ಇರುತ್ತದೆ.

ನಿಮ್ಮ ಸೀರೆಯಲ್ಲಿ ಗಾಳಿ ತಾಗುವ ಮೇಲ್ಭಾಗ ಕಪ್ಪಾಗಿ ಒಳಮಡಿಕೆ ಹೊಳೆಯುತ್ತಿದೆ ಎಂದರೆ ಕಪ್ಪು ಹೊರಗಿನಿಂದ ಬಂದದ್ದು. ಬೆವರಿನಿಂದ ಬಂದಿದ್ದರೆ ಸೊಂಟ, ಹೆಗಲು, ಕುತ್ತಿಗೆ ತಾಗುವ ಜಾಗದಲ್ಲಿ ಕಾಣಿಸಿಕೊಳ್ಳುತ್ತಿತ್ತು, ಮಡಿಕೆಯ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಸುತ್ತಿದ ನ್ಯೂಸ್‌ಪೇಪರ್, ಕಟ್ಟಿದ ರಬ್ಬರ್ ಬ್ಯಾಂಡ್ ಇವೆಯಾ ನೋಡಿ. ರಬ್ಬರಿನಲ್ಲೂ ಗಂಧಕ ಇರುತ್ತದೆ, ಬ್ಯಾಂಡ್ ಇದ್ದಲ್ಲಿ ಕಪ್ಪು ಗೆರೆ ನೇರವಾಗಿ ಮೂಡುತ್ತದೆ.

ಇದು ‘ಇಟ್ಟುಕೊಳ್ಳುವ’ ರಾಶಿಗೆ. ಕಪ್ಪಾದ ಬೆಳ್ಳಿ ಜರಿ ಕೊಳೆತ ಜರಿಯಲ್ಲ. ಕಾರಣ ತೆಗೆದರೆ ಮುಂದುವರಿಯುವುದು ಬಹಳ ನಿಧಾನವಾಗುತ್ತದೆ. ಉಜ್ಜಿ ಬೆಳಗಿಸಲು ಹೋಗಬೇಡಿ. ನಿಂಬೆ, ಹುಣಸೆ, ಟೂತ್‌ಪೇಸ್ಟ್ ಯಾವುದೂ ಬೇಡ. ಪಾತ್ರೆಯಾಗಿದ್ದರೆ ಸರಿ, ಇಲ್ಲಿ ಲೋಹದ ಕೆಳಗೆ ರೇಷ್ಮೆ ನೂಲಿದೆ. ಹುಳಿ ಅದರೊಳಗೆ ಕೂತರೆ ತೊಳೆದು ತೆಗೆಯಲು ಆಗುವುದಿಲ್ಲ, ಉಜ್ಜಿದರೆ ಇದ್ದ ಚಿನ್ನವೂ ಹೋಗುತ್ತದೆ.

ಡೊಂಬಿವಲಿ ಭಟ್ರು

ಇಷ್ಟೆಲ್ಲ ತಲೆಬಿಸಿ ಎಂಥಕ್ಕೆ ಮಾರಾಯ್ರೇ? ಎಲ್ಲವನ್ನೂ ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಆಮೇಲೆ ನಾಲ್ಕು ಡಾಂಬರ್ ಗುಳಿಗೆ, ಜೊತೆಗೆ ಸ್ವಲ್ಪ ಕರ್ಪೂರ ಹಾಕಿ ಬಾಗಿಲು ಮುಚ್ಚಿ. ಕರ್ಪೂರ ತೇವ ಹೀರ್ತದೆ, ಗುಳಿಗೆ ಹುಳ ಓಡಿಸ್ತದೆ. ಊರಲ್ಲಿ ಅಜ್ಜಿಯಂದಿರು ಮಾಡಿದ್ದು ಇದೇ.

ಸೆರಗಿನ ಕೊನೆ

ಭಟ್ರೇ, ಬಿಸಿಲಿನ ಮಾತು ಉಣ್ಣೆಯ ಮಟ್ಟಿಗೆ ಸರಿ. ಕಂಬಳಿ, ಸ್ವೆಟರುಗಳನ್ನು ಬಿಸಿಲಿಗೆ ಹಾಕಿ, ಕಾಲರು, ಹೊಲಿಗೆ, ಜೇಬಿನ ಒಳಗೆ ಬ್ರಷ್ ಮಾಡಿದರೆ ಮರಿಹುಳಗಳು ಬೆಳಕಿಗೆ ಹೆದರಿ ಉದುರುತ್ತವೆ, ಮೊಟ್ಟೆಗಳೂ ಉದುರುತ್ತವೆ. ರೇಷ್ಮೆಗೆ ನೇರ ಬಿಸಿಲು ಬೇಡವೇ ಬೇಡ. ಬಣ್ಣ ಹೋಗುವುದು ಕಣ್ಣಿಗೆ ಕಾಣುತ್ತದೆ, ನೂಲು ಸತ್ವ ಕಳೆದುಕೊಳ್ಳುವುದು ಕಾಣುವುದಿಲ್ಲ. ನೆರಳಲ್ಲಿ, ಫ್ಯಾನಿನ ಕೆಳಗೆ ಸಾಕು.

ಗುಳಿಗೆ ಮತ್ತು ಕರ್ಪೂರ ಒಟ್ಟಿಗೆ ಹಾಕುವುದು ತಪ್ಪು. ಗುಳಿಗೆಯಲ್ಲಿರುವ ನಾಫ್ತಲೀನ್ ತಾನೊಂದೇ ಕರಗಬೇಕಾದರೆ 80 ಡಿಗ್ರಿ ಬೇಕು, ಕರ್ಪೂರಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು. ಎರಡೂ ತಾಗಿಕೊಂಡು ಬೆರೆತರೆ 30 ಡಿಗ್ರಿಯ ಆಸುಪಾಸಿನಲ್ಲೇ ನೀರಾಗುತ್ತವೆ. ಮುಂಬಯಿಯ ಕಪಾಟಿನಲ್ಲಿ ಮೇ ತಿಂಗಳಲ್ಲಿ ಅಷ್ಟು ಸೆಕೆ ಇದ್ದೇ ಇರುತ್ತದೆ. ಆ ಎಣ್ಣೆಯಂಥ ದ್ರವ ಸೀರೆಗೆ ಇಳಿದರೆ ಕಲೆ ಹೋಗುವುದು ಕಷ್ಟ. ಮಾರುಕಟ್ಟೆಯಲ್ಲಿ ಗುಳಿಗೆಯ ಹೆಸರಲ್ಲಿ ಪ್ಯಾರಾಡೈಕ್ಲೋರೋಬೆಂಜೀನ್ ಕೂಡ ಸಿಗುತ್ತದೆ, ಅದನ್ನು ನಾಫ್ತಲೀನ್ ಜೊತೆ ಹಾಕಿದರೂ ಇದೇ ಕಥೆ. ಹಳೇ ಗುಳಿಗೆ ಯಾವುದೆಂದು ಗೊತ್ತಿಲ್ಲದಿದ್ದರೆ ಒಂದು ಲೋಟ ನೀರಿಗೆ ಇನ್ನು ಕರಗದು ಎನ್ನುವವರೆಗೆ ಉಪ್ಪು ಹಾಕಿ ಗುಳಿಗೆ ಬಿಡಿ. ನಾಫ್ತಲೀನ್ ತೇಲುತ್ತದೆ, ಇನ್ನೊಂದು ಮುಳುಗುತ್ತದೆ. ಕರ್ಪೂರ ಬರೀ ನೀರಲ್ಲೂ ತೇಲುತ್ತದೆ.

ಕರ್ಪೂರ ತೇವ ಹೀರುವುದಿಲ್ಲ. ಮೆಲ್ಲಗೆ ಆವಿಯಾಗಿ ಹೋಗುತ್ತದೆ, ಅದನ್ನು ನೋಡಿ ಹೀರಿತು ಅಂದುಕೊಳ್ಳುತ್ತೇವೆ.

ಡೊಂಬಿವಲಿ ಭಟ್ರು

ಉಪ್ಪುನೀರಿನ ಪರೀಕ್ಷೆ ಮಾಡಿದೆ. ತೇಲಿತು. ಹಾಗಾದ್ರೆ ಕರ್ಪೂರ ತೆಗೆದು ಗುಳಿಗೆ ಮಾತ್ರ ಇಡ್ತೇನೆ, ಅದಾದ್ರೂ ಆಗಬಹುದಲ್ಲ?

ಸೆರಗಿನ ಕೊನೆ

ಉಣ್ಣೆಯ ಟ್ರಂಕಿಗೆ ಆಗಬಹುದು. ಬಟ್ಟೆಗೆ ತಾಗದ ಹಾಗೆ, ಮಲ್ಮಲ್ ಪುಟಾಣಿ ಚೀಲದಲ್ಲಿ ಕಟ್ಟಿ ಮೇಲ್ಗಡೆ ಇಡಿ. ಅದರ ಆವಿ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಮುಚ್ಚಳ ಬಿಗಿಯಾಗಿಲ್ಲದ ಪೆಟ್ಟಿಗೆಯಲ್ಲಿ ಹುಳಕ್ಕೆ ಏನೂ ಆಗುವುದಿಲ್ಲ, ನಮಗೆ ವಾಸನೆ ಮಾತ್ರ ಉಳಿಯುತ್ತದೆ. ಮಗುವಿನ ಬಟ್ಟೆ, ಮಗುವಿಗೆ ಹೊದಿಸುವ ಶಾಲಿಗೆ ಖಂಡಿತ ಬೇಡ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇರುವ ಒಂದು ಕೊರತೆಯಿಂದ ನಾಫ್ತಲೀನ್ ತಾಗಿದರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಜರಿ ಸೀರೆ ಇರುವಲ್ಲಿ ನಾನಾದರೆ ಇಡುವುದಿಲ್ಲ.

ಪುಣೆ ಪಡಸಾಲಿ

ಗುಳಿಗಿ ಆವಿಯಿಂದನ ಜರಿ ಕಪ್ಪ ಆಗತದ ಅಂತ ಇಲ್ಲಿ ಪೇಠದ ಸೀರಿ ಅಂಗಡಿಯವರು ಹೇಳತಾರ. ಗುಳಿಗಿ ತಾಗಿದಲ್ಲಿ ಕಲಿ ಬಿದ್ದದ್ದನ್ನ ನೋಡೀನಿ, ಬರೇ ಆವಿಗೆ ಕಪ್ಪ ಆಗತದೇನು ಅಂಬೋದು ಬ್ಯಾರೆ ಪ್ರಶ್ನಿ. ಅದರಾಗ ಗಂಧಕ ಇಲ್ಲಲ್ಲ?

ಸೆರಗಿನ ಕೊನೆ

ಇಲ್ಲ. ಶುದ್ಧ ನಾಫ್ತಲೀನಿನಲ್ಲಿ ಇಂಗಾಲ, ಜಲಜನಕ ಎರಡೇ. ಆದರೆ ಅದನ್ನು ತೆಗೆಯುವುದು ಕಲ್ಲಿದ್ದಲಿನ ಡಾಂಬರಿನಿಂದ. ಅಗ್ಗದ ಗುಳಿಗೆಯಲ್ಲಿ ಗಂಧಕದ ಕಲಬೆರಕೆ ಉಳಿದಿರುವುದು ಸಾಧ್ಯ. ಅಂಗಡಿಯವರ ಮಾತನ್ನು ತಳ್ಳಿಹಾಕಲಾರೆ.

ಪುಣೆ ಪಡಸಾಲಿ

ಅಕ್ಕಾರ, ನಿಮ್ಮ ಇಳಕಲ್ಲ ಸೀರಿ ಬಗ್ಗೆ. ಇಳಕಲ್ಲದಾಗ ಒಡಲಿನ ಹಾಸು, ಅಂದ್ರ ಉದ್ದದ ಎಳಿ, ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಮಗ್ಗದ ಮ್ಯಾಲೆ ಎಳಿ ಎಳಿ ಕೊಂಡಿ ಹಾಕಿ ಸೇರಸತಾರ. ಒಡಲು ಹತ್ತಿ ಇದ್ದು ಸೆರಗು ರೇಷ್ಮಿ ಇದ್ದರ, ನೀರಿಗೆ ಹಾಕಿದಾಗ ಹತ್ತಿ ಕುಗ್ಗತದ, ರೇಷ್ಮಿ ಅಷ್ಟ ಕುಗ್ಗೂದಿಲ್ಲ. ಎಳೆತ ಎಲ್ಲಾ ಕೊಂಡಿ ಮ್ಯಾಲೆ ಬರತದ. ಅದಕ್ಕ ಅಲ್ಲೇ ಪಿಸೀತದ.

ಪಿಸಿದ ಕೊಂಡಿ ತಿರಗಿ ನೇಯಾಕ ಬರೂದಿಲ್ಲ. ಯಾರರ ‘ಜೋಡಸ್ತೀವಿ’ ಅಂದ್ರ ಮಷೀನ್ ಹೊಲಿಗಿ ಹಾಕತಾರ, ಹೊಲಿಗಿ ಸಾಲಿನ ಗುಂಟ ಮುಂದಿನ ಮಳಿಗಾಲಕ್ಕ ಹರೀತದ. ಮಾಡಬೇಕಾದ್ದು ಇಷ್ಟ: ಹಿಂದಿನ ಕಡೆ ನಾಕ ಬಟ್ಟು ಅಗಲದ ತೆಳು ಬಟ್ಟಿ ಪಟ್ಟಿ, ಸೀರಿ ಬಣ್ಣದ್ದು, ಮೊದಲ ತೊಳದು ಕುಗ್ಗಿಸಿದ್ದು. ಅದನ್ನ ಒಂಟಿ ರೇಷ್ಮಿ ಎಳಿಲೇ ಸಡ್ಲ ಕೈ ಹೊಲಿಗಿ ಹಾಕಿ ಕೂಡಸಬೇಕು. ಪಟ್ಟಿ ಎರಡೂ ಕಡೆ ಗಟ್ಟಿ ಬಟ್ಟಿ ಮಟ ಹೋಗಬೇಕು, ಪಿಸಿದಲ್ಲೇ ನಿಲ್ಲಬಾರದು. ಇದು ರಿಪೇರಿ ರಾಶಿಗೆ ಹಾಕ್ರಿ.

ಪೈಠಣಿ ಸೀಳಿದ್ದು ಉದ್ದಕ್ಕೋ ಅಡ್ಡಕ್ಕೋ? ಮಡಿಕಿ ಗೆರಿ ಮ್ಯಾಲೆ ಹಾಸಿನ ಎಳಿ ಹರದು ಅಡ್ಡದ ಜರಿ ಹೊಕ್ಕು ಹಂಗ ಉಳದದೇನು ನೋಡ್ರಿ.

ಮುಲುಂಡ್ ಮೂರನೇ ಮಾಳಿಗೆ

ಹೌದು, ಅದೇ ಆಗಿದೆ. ಜರಿ ಎಳೆಗಳು ಅಡ್ಡಕ್ಕೆ ನೇತಾಡುತ್ತಿವೆ, ಅವುಗಳ ಮೇಲಿಂದ ಹೋಗಬೇಕಾದ ರೇಷ್ಮೆ ಎಳೆ ಇಲ್ಲ.

ಸೆರಗಿನ ಕೊನೆ

ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಪೈಠಣಿ ಹೀಗೇ ಹೋಗುತ್ತದೆ. ಸೆರಗಿನ ಹೊಕ್ಕಿನಲ್ಲಿ ಲೋಹ ತುಂಬಿದೆ, ಹಾಸು ತೆಳು ರೇಷ್ಮೆ. ಮಡಿಕೆಯಲ್ಲಿ ರೇಷ್ಮೆ ಎಳೆ ಗಡಸು ಲೋಹದ ಮೇಲೆ ಚೂಪಾಗಿ ಬಾಗಿ ತುಂಡಾಗುತ್ತದೆ. ಇಸ್ತ್ರಿ ಒತ್ತಿ ಮಡಿಕೆ ಕೂರಿಸಿದ್ದರೆ ಇನ್ನೂ ಬೇಗ.

ರಿಪೇರಿಯೋ ಅಲ್ಲವೋ ಎಂದು ತೀರ್ಮಾನಿಸಲು ಸೀಳನ್ನು ನೋಡಬೇಡಿ, ಸೀಳಿನಿಂದ ಒಂದು ಗೇಣು ದೂರದ ಮಡಿಕೆ ಗೆರೆ ನೋಡಿ. ಕಿಟಕಿಯ ಬೆಳಕಿಗೆ ಹಿಡಿದರೆ ಗೆರೆ ಉದ್ದಕ್ಕೂ ಕೂದಲೆಳೆಯಂಥ ಬೆಳಕು ಕಾಣುತ್ತದೆಯಾ? ಎರಡು ಹೆಬ್ಬೆರಳು ಗೆರೆಯ ಆಚೀಚೆ ಇಟ್ಟು ತೀರಾ ಮೆತ್ತಗೆ ಅಗಲಿಸಿ. ಬಟ್ಟೆ ತಡೆದುಕೊಂಡರೆ ರಫೂ ಮಾಡುವವರ ಕೈಗೆ ಕೊಡಬಹುದು. ಪಟ್ ಎಂದರೆ, ಅಥವಾ ಬೆರಳಿಗೆ ಹುಡಿ ಹತ್ತಿದರೆ, ರಫೂ ಎಳೆ ಹಿಡಿಯಲು ಅಲ್ಲಿ ಗಟ್ಟಿ ನೂಲೇ ಇಲ್ಲ ಎಂದರ್ಥ. ಆಗ ಉಡುವ ಸೀರೆಯಾಗಿ ಅದರ ಕಾಲ ಮುಗಿಯಿತು.

ಸುಮ್ಮನೆ ಕೇಳುತ್ತೇನೆ, ಅದಕ್ಕೆ ಇತ್ತೀಚೆಗೆ ಪಾಲಿಶ್ ಮಾಡಿಸಿದ್ದೀರಾ? ರೋಲ್ ಪ್ರೆಸ್ ಬಿಸಿಗೂ ಗಂಜಿಗೂ ಗರಿಗರಿಯಾಗಿ ಬರುತ್ತದೆ, ಒಣ ಮಡಿಕೆ ಅಷ್ಟೇ ಗರಿಗರಿಯಾಗಿ ಮುರಿಯುತ್ತದೆ. ಗಂಜಿ ಬೆಳ್ಳಿಮೀನು ಹುಳವನ್ನೂ ಕರೆಯುತ್ತದೆ. ಮಳೆಗಾಲಕ್ಕೆ ಮೊದಲು ಪಾಲಿಶ್ ಮಾಡಿಸಿ ಒಳಗಿಡುವುದು ಬಹಳ ಮನೆಗಳ ರೂಢಿ. ಅದು ಉಲ್ಟಾ. ಉಡುವ ವಾರ ಮಾಡಿಸಿ.

ವಾಸ್ಕೋ ತಗಡಿನ ಮಾಡು

ನಮ್ಮಲ್ಲಿ ಅಂಗಿಗಳ ಮೇಲೆ ಬಿಳಿ ಬೂಷ್ಟು, ಚರ್ಮದ ಬೆಲ್ಟು ಹಸಿರು. ಕಪಾಟಿನೊಳಗೆ ಝೀರೋ ಬಲ್ಬ್ ಹಾಕಿ ಅಂದ್ರು, ಹಾಕಿದೆ, ಏನೂ ಉಪಯೋಗ ಆಗ್ಲಿಲ್ಲ. ಹತ್ತಿ ಅಂಗಿಗೆ ಏನು ಮಾಡಬೇಕು?

ಸೆರಗಿನ ಕೊನೆ

ನೀವು ಹಾಕಿದ್ದು ಎಲ್‌ಇಡಿ ಇರಬೇಕು. ಹಳೇ ಬಲ್ಬು ಕೆಲಸ ಮಾಡುತ್ತಿದ್ದದ್ದು ಬೆಳಕಿನಿಂದಲ್ಲ, ಬಿಸಿಯಿಂದ. ಒಳಗಿನ ಗಾಳಿ ಎರಡು ಮೂರು ಡಿಗ್ರಿ ಬಿಸಿಯಾದರೂ ಆರ್ದ್ರತೆ ಇಳಿಯುತ್ತದೆ. ಎಲ್‌ಇಡಿಯಲ್ಲಿ ಆ ಬಿಸಿ ಇಲ್ಲ. ಹಾಗೆಂದು ಬಟ್ಟೆ ತುಂಬಿದ ಕಪಾಟಿಗೆ ಬಿಸಿ ಬಲ್ಬು ಹಾಕಿ ಎಂದು ಹೇಳಲಾರೆ, ಬಟ್ಟೆ ಜಾರಿ ಬಿದ್ದು ತಾಗಿದರೆ ಬೆಂಕಿ. ಹತ್ತಿ ಅಂಗಿಗೆ ಸುಲಭ: ಹೊರಗೆ ಬ್ರಷ್ ಮಾಡಿ, ಬಿಸಿನೀರಲ್ಲಿ ಒಗೆದು, ಬಿಸಿಲು ಬಂದ ದಿನ ಒಣಗಿಸಿ. ಬೂಷ್ಟು ಹಿಡಿದದ್ದನ್ನು ಕೋಣೆಯೊಳಗೆ ಕೊಡವಬೇಡಿ, ಅದರ ಬೀಜ ಉಳಿದ ಬಟ್ಟೆಗೆ ಹೋಗುತ್ತದೆ.

ಮುಲುಂಡ್ ಮೂರನೇ ಮಾಳಿಗೆ

ಪೈಠಣಿಯ ಗೆರೆ ಮೂರು ಕಡೆ ತಡೆದುಕೊಂಡಿತು, ಒಂದು ಕಡೆ ಹುಡಿ ಬಂತು. ಹೌದು, ಪಾಲಿಶ್ ಮಾಡಿಸಿದ್ದೆ, ಕಳೆದ ವರ್ಷವೇ. ಕೆಂಪುಗಟ್ಟಿದ ಅಂಚಿನ ಸೀರೆಯನ್ನು ಏನು ಮಾಡಲಿ? ಕಪ್ಪಾದ ಬೆಳ್ಳಿಯೇ ಅದೂ?

ಪುಣೆ ಪಡಸಾಲಿ

ಅಲ್ಲ. ಹಸರ ಬಂತು ಅಂದ್ರ ತಾಮ್ರ. ಸೆರಗಿನ ತುದಿಯಾಗಿಂದ ಒಂದು ಬಟ್ಟು ಜರಿ ಎಳಿ ತಗೀರಿ. ಉಗುರಿಲೇ ಸುಲದ್ರ ಮ್ಯಾಲಿನ ತಗಡ ಬಿಚ್ಚಿ ಒಳಗಿನ ನೂಲು ಕಾಣತದ. ತಗಡ ಕಲ್ಲಿಗೆ ತಿಕ್ಕಿದಾಗ ಬಿಳಿ ಗೆರಿ ಬಿದ್ರ ಬೆಳ್ಳಿ, ಕೆಂಪ ಗೆರಿ ಬಿದ್ರ ತಾಮ್ರದ ಟೆಸ್ಟೆಡ್ ಜರಿ. ಬೆಂಕಿಗೆ ಹಿಡದಾಗ ಕರಗಿ ಗುಂಡ ಆತು ಅಂದ್ರ ಪ್ಲಾಸ್ಟಿಕ್. ತಾಮ್ರದ್ದು ಒಮ್ಮೆ ಮ್ಯಾಲಿನ ಲೇಪ ಹೋತು ಅಂದ್ರ ಮುಗೀತು, ಮನ್ಯಾಗಲ್ಲ, ಹೊರಗನೂ ಯಾರೂ ಸರಿ ಮಾಡಾಂಗಿಲ್ಲ. ಅಂಚು ಬಿಚ್ಚಿ ಹೊಸಾ ಅಂಚು ಹಚ್ಚತಾರ. ಒಡಲು ಗಟ್ಟಿ ಇದ್ರ ಮಾತ್ರ ಅದಕ್ಕ ರೊಕ್ಕ ಹಾಕ್ರಿ.

ಈ ಪರೀಕ್ಷಿ ಮಾಡೂದಕ್ಕಿಂತ ಮೊದಲ ಹಳೇ ಅರಬಿಗೆ ಪಾತ್ರಿ ಕೊಡೋ ಬೋಹಾರಣಿಗೆ ಯಾವ ಜರಿ ಸೀರಿನೂ ಕೊಡಬ್ಯಾಡ್ರಿ. ಆಕಿ ಒಂದು ಸ್ಟೀಲ್ ಡಬ್ಬಿ ಕೊಡತಾಳ, ಬೆಳ್ಳಿ ಜರಿ ಇದ್ರ ಅದರ ಬೆಲಿ ಬ್ಯಾರೆ.

ಮುಲುಂಡ್ ಮೂರನೇ ಮಾಳಿಗೆ

ಕೆಂಪು ಗೆರೆ ಬಿತ್ತು. ತಾಮ್ರವೇ. ಒಡಲು ಗಟ್ಟಿಯಾಗಿದೆ, ಹೊಸ ಅಂಚಿಗೆ ಕೊಡುತ್ತೇನೆ. ಕಾಶ್ಮೀರಿ ಶಾಲಿನ ತೂತುಗಳ ಬಗ್ಗೆ ಯಾರೂ ಹೇಳಲಿಲ್ಲ. ರಫೂ ಮಾಡಿಸಲಾ?

ಸೆರಗಿನ ಕೊನೆ

ರಫೂಗೆ ಕಳಿಸುವ ಮೊದಲು ತೂತು ಯಾರದ್ದೆಂದು ನೋಡಿ. ಮರಿಹುಳ ತಿಂದದ್ದಾದರೆ ತೂತಿನ ಅಂಚು ಅಂಕುಡೊಂಕು, ಸುತ್ತ ಮೇಲ್ಮೈ ಕೆರೆದ ಹಾಗೆ ತೆಳುವಾಗಿರುತ್ತದೆ. ಮಡಿಕೆಯೊಳಗೆ ಮರಳಿನಂಥ ಕಾಳುಗಳು ಸಿಗುತ್ತವೆ, ಅವುಗಳ ಬಣ್ಣ ಶಾಲಿನದೇ. ಅದು ಹುಳದ ಹಿಕ್ಕೆ. ಜೇಡರ ಬಲೆಯಂಥ ನೂಲಿನ ಕೊಳವೆ ಸಿಕ್ಕರೆ ಹುಳ ಇನ್ನೂ ಮನೆಯಲ್ಲೇ ಇದೆ. ಹಾರಾಡುವ ಪತಂಗ ಬಟ್ಟೆ ತಿನ್ನುವುದಿಲ್ಲ, ಅದರ ಮರಿ ತಿನ್ನುತ್ತದೆ. ಬೆವರು, ಸಾರಿನ ಕಲೆ ಇದ್ದಲ್ಲಿ ಹೆಚ್ಚು ತಿನ್ನುತ್ತದೆ. ಒಮ್ಮೆ ಹೊದ್ದು ಒಗೆಯದೆ ಇಟ್ಟ ಶಾಲಿನ ಕುತ್ತಿಗೆ ಭಾಗ ಮೊದಲು ಹೋಗುವುದು ಅದಕ್ಕೇ.

ಹುಳ ಇದ್ದಾಗಲೇ ರಫೂ ಮಾಡಿಸಿದರೆ ಹೊಸ ಉಣ್ಣೆ ಎಳೆಯೂ ಅದಕ್ಕೆ ಊಟ. ಮೊದಲು ಕೊಲ್ಲಬೇಕು. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ಒತ್ತಿ ತೆಗೆದು ಟೇಪ್ ಹಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲವನ್ನು ಇಡೀ ಒಂದು ದಿನ ಬಿಚ್ಚಬೇಡಿ. ನಮ್ಮ ಗಾಳಿಯ ತೇವ ತಣ್ಣಗಿನ ಉಣ್ಣೆಯ ಮೇಲೆ ನೀರಾಗಿ ಕೂರುತ್ತದೆ. ಚೀಲದ ಹೊರಗೆ ಕೂತರೆ ತೊಂದರೆಯಿಲ್ಲ.

ಮುಲುಂಡ್ ಮೂರನೇ ಮಾಳಿಗೆ

ನಮ್ಮದು ಒಂದು ಬಾಗಿಲಿನ ಫ್ರಿಜ್. ಒಳಗಿನ ಐಸ್ ಡಬ್ಬಿ ಆಗುತ್ತದಾ?

ಸೆರಗಿನ ಕೊನೆ

ಥರ್ಮಾಮೀಟರ್ ಇಟ್ಟು ನೋಡಿ. ಹೆಚ್ಚಿನ ಒಂಟಿ ಬಾಗಿಲಿನ ಫ್ರಿಜ್ಜುಗಳಲ್ಲಿ ಅಷ್ಟು ಇಳಿಯುವುದಿಲ್ಲ, ದಿನಕ್ಕೆ ಹತ್ತು ಸಲ ಬಾಗಿಲು ತೆರೆಯುವುದೂ ಇದೆ. ಅರೆಬರೆ ತಣಿಸಿದರೆ ಮರಿಹುಳ ಸುಮ್ಮನೆ ಮಲಗುತ್ತದೆ, ಸಾಯುವುದಿಲ್ಲ. ಒಂದೇ ಶಾಲು ಆದ್ದರಿಂದ ಡ್ರೈಕ್ಲೀನಿಗೆ ಕೊಡಿ, ಮೊಟ್ಟೆ, ಮರಿ ಎಲ್ಲ ಅದರಲ್ಲೇ ಹೋಗುತ್ತವೆ. ಆಮೇಲೆ ರಫೂ. ಉಳಿದ 13 ಉಣ್ಣೆಯನ್ನು ಬಿಡಿಬಿಡಿಯಾಗಿ ಬೆಳಕಿಗೆ ಹಿಡಿಯಿರಿ, ಒಂದು ಬಿಟ್ಟುಹೋದರೂ ಟ್ರಂಕ್ ಪೂರ್ತಿ ಮತ್ತೆ ಮಾಡಬೇಕಾಗುತ್ತದೆ.

ಡೊಂಬಿವಲಿ ಭಟ್ರು

ಸ್ವೆಟರ್ ಮನೆಯಲ್ಲೇ ಒಗೆಯಬಹುದಲ್ಲ? ವಾಷಿಂಗ್ ಪೌಡರಲ್ಲಿ ಉಗುರುಬೆಚ್ಚಗಿನ ನೀರು?

ಸೆರಗಿನ ಕೊನೆ

ನೀರು ಸರಿ, ಪೌಡರ್ ಬೇಡ. ಕಲೆ ತೆಗೆಯುವ ಪೌಡರುಗಳಲ್ಲಿ ಪ್ರೋಟೀನ್ ಕರಗಿಸುವ ಕಿಣ್ವ ಇರುತ್ತದೆ. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನೇ. ಉಣ್ಣೆಗೆಂದೇ ಇರುವ ದ್ರವ ಸೋಪು ಹಾಕಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಹಾಸಿ ಒಣಗಿಸಿ. ನೇತುಹಾಕಿದರೆ ತೋಳು ಮೊಣಕಾಲಿಗೆ ಬರುತ್ತದೆ.

ವಾಸ್ಕೋ ತಗಡಿನ ಮಾಡು

ಅಂಗಿ ಸರಿಹೋಯ್ತು, ಧನ್ಯವಾದ. ಬೆಲ್ಟಿಗೆ ಹೇಳಲೇ ಇಲ್ಲ. ಇರಲಿ. ಸಿಲಿಕಾ ಜೆಲ್ ಪೊಟ್ಟಣ ಕಪಾಟಿಗೆ ಎಷ್ಟು ಬೇಕು? ನೇತುಹಾಕುವ ತೇವದ ಚೀಲ ಸಿಗ್ತದಲ್ಲ, ಅದು ಒಳ್ಳೇದಾ? ನಮ್ಮಲ್ಲಿ ವಾರಕ್ಕೊಂದು ನೀರಾಗಿ ತುಂಬ್ತದೆ.

ಸೆರಗಿನ ಕೊನೆ

ತುಂಬುತ್ತದೆ ಎಂದರೆ ಅದು ಹೀರುತ್ತಿರುವುದು ಜುವಾರಿ ನದಿಯ ಗಾಳಿಯನ್ನು, ನಿಮ್ಮ ಬಟ್ಟೆಯನ್ನಲ್ಲ. ಬಾಗಿಲ ಸಂದಿ ಇರುವ ಕಪಾಟಿನಲ್ಲಿ ಎಷ್ಟು ಇಟ್ಟರೂ ಹಾಗೆಯೇ. ಅದರಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಆ ನೀರು ಉಪ್ಪುನೀರು, ಚೀಲ ಸೋರಿದರೆ ಜರಿಯನ್ನೂ ಕಪಾಟಿನ ತಗಡನ್ನೂ ತಿನ್ನುತ್ತದೆ. ರೇಷ್ಮೆಯ ಮೇಲೆ ನೇತುಹಾಕಬೇಡಿ.

ಸಿಲಿಕಾದ ಲೆಕ್ಕ ಮುಲುಂಡಿನವರ ಸೀರೆಗಳಲ್ಲೇ ಮಾಡೋಣ. ಒಂದು ಸೀರೆ ಸರಾಸರಿ 600 ಗ್ರಾಂ ಎಂದರೂ 26 ಸೀರೆ ಹದಿನೈದು ಕಿಲೋ ದಾಟುತ್ತದೆ. 65% ಆರ್ದ್ರತೆಯಲ್ಲಿ ರೇಷ್ಮೆ ತನ್ನ ಒಣ ತೂಕದ ಸುಮಾರು 11% ನೀರು ಹಿಡಿದಿರುತ್ತದೆ, ಉಣ್ಣೆ ಇನ್ನೂ ಹೆಚ್ಚು, 16% ಹತ್ತಿರ. ಮುಟ್ಟಿದರೆ ಒಣಗಿದ ಹಾಗೆಯೇ ಇರುತ್ತದೆ. ಅಂದರೆ ಆ ಸೀರೆಗಳೊಳಗೇ ಒಂದೂವರೆ ಕಿಲೋಗೂ ಹೆಚ್ಚು ನೀರಿದೆ. ಸಿಲಿಕಾ ಹೆಚ್ಚೆಂದರೆ ತನ್ನ ತೂಕದ ಮೂರನೇ ಒಂದು ಪಾಲು ಹೀರುತ್ತದೆ. 200 ಗ್ರಾಂ ಪೊಟ್ಟಣ ಅರವತ್ತೆಪ್ಪತ್ತು ಗ್ರಾಂ ತೆಗೆದು ಸುಸ್ತಾಗುತ್ತದೆ. ಬಟ್ಟೆ ಒಣಗಿಸುವುದು ಅದರ ಕೆಲಸವಲ್ಲ. ಒಣಗಿಸಿ ಇಟ್ಟ ಮೇಲೆ, ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿ, ತೆರೆದು ಮುಚ್ಚುವಾಗ ನುಗ್ಗುವ ತೇವಕ್ಕೆ ಮಾತ್ರ ಅದು. ಬಣ್ಣ ಬದಲಾಗುವ ಕಾಳು ತೆಗೆದುಕೊಳ್ಳಿ. ಕಿತ್ತಳೆ ಕಾಳು ಹಸಿರಾದಾಗ ಓವನಿನಲ್ಲಿ 110 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ.

ಹಾಗಾಗಿ ಒಳಗೆ ಯಾವ ಗಾಳಿಯನ್ನು ಮುಚ್ಚುತ್ತೀರಿ ಎಂಬುದು ದೊಡ್ಡ ವಿಷಯ. ಮುಂಬಯಿಯಲ್ಲಿ ಮೇ ತಿಂಗಳೆಂದರೆ ಮಳೆ ಇಲ್ಲ ಅಷ್ಟೇ, ಗಾಳಿ ಆಗಲೇ ತೇವ. ನಿಜವಾಗಿ ಒಣ ದಿನಗಳು ಡಿಸೆಂಬರಿನಿಂದ ಫೆಬ್ರವರಿ. ಈ ಕೆಲಸವನ್ನು ಆಗಲೇ ಮಾಡಬೇಕಿತ್ತು. ಈಗ ಮಾಡುವುದಾದರೆ ಎಸಿ ಇರುವ ಕೋಣೆಯಲ್ಲಿ ಬಾಗಿಲು ಮುಚ್ಚಿ ಸೀರೆಗಳನ್ನು ಒಂದೊಂದಾಗಿ ಹರಡಿ ಐದಾರು ಗಂಟೆ ಬಿಡಿ. ಎಸಿಯ ಪೈಪಿನಿಂದ ಹೊರಗೆ ತೊಟ್ಟಿಕ್ಕುವ ನೀರಿನಲ್ಲಿ ನಿಮ್ಮ ಸೀರೆಗಳ ನೀರೂ ಇರುತ್ತದೆ. ಅಲ್ಲೇ, ಅದೇ ಕೋಣೆಯಲ್ಲೇ ಸುತ್ತಿ ಪೆಟ್ಟಿಗೆಗೆ ಹಾಕಿ.

ಪುಣೆ ಪಡಸಾಲಿ

ಪುಣೆದಾಗ ಎಪ್ರಿಲ್ ಮಧ್ಯಾಹ್ನ ಫ್ಯಾನ್ ಹಚ್ಚಿದ್ರ ಸಾಕು, ಎಸಿ ಯಾಕ ಬೇಕು. ಮುಂಬಯಿಯವರಿಗೆ ಬ್ಯಾರೆ ಹಾದಿ ಇಲ್ಲ.

ಸೆರಗಿನ ಕೊನೆ

ಸುತ್ತಲು ಮಲ್ಮಲ್, ಗಂಜಿ ಹೋಗುವಂತೆ ಎರಡು ಸಲ ಒಗೆದದ್ದು. ಒಂದು ಬಟ್ಟೆಗೆ ಒಂದೇ ಸೀರೆ. ಪ್ಲಾಸ್ಟಿಕ್ ಕವರ್ ಬೇಡ. ಪಿನ್ ಒಂದೂ ಉಳಿದಿರಬಾರದು, ತುಕ್ಕಿನ ಕಲೆ ರೇಷ್ಮೆಯಿಂದ ಹೋಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ಮೂರು ಮಡಿಕೆ ಇದ್ದದ್ದನ್ನು ನಾಲ್ಕು ಮಡಿಕೆ ಮಾಡಿ, ಗೆರೆ ಬೇರೆ ಕಡೆ ಬೀಳಲಿ. ಆದರೆ ಜುಲೈ, ಆಗಸ್ಟಿನಲ್ಲಿ ಪೆಟ್ಟಿಗೆ ತೆರೆಯಬೇಡಿ, ಗಣೇಶನ ಹಬ್ಬಕ್ಕೆ ಉಡುವ ಎರಡು ಸೀರೆ ಈಗಲೇ ಹೊರಗಿಡಿ. ಸ್ಟೀಲ್ ಕಪಾಟು ಹೊರಗೋಡೆಗೆ ತಾಗಿದ್ದರೆ ನಾಲ್ಕು ಬೆರಳು ಮುಂದೆ ಎಳೆಯಿರಿ. ಗೋಡೆಯ ಆಚೆ ಬಚ್ಚಲಿದ್ದರೆ ಜಾಗವನ್ನೇ ಬದಲಿಸಿ.

ಪೈಠಣಿಯನ್ನು ಮಡಿಸದೆ ಸುತ್ತಿಡಬೇಕು. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆ ಕೇಳಿದರೆ ಕೊಡುತ್ತಾರೆ. ರಟ್ಟಿನ ಹುಳಿ ರೇಷ್ಮೆಗೆ ತಾಗದಂತೆ ಮೊದಲು ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ಮಲ್ಮಲ್. ಪಿವಿಸಿ ಪೈಪು ಬೇಡ. ಸೀರೆಯ ಅಗಲ 45 ಇಂಚಿನ ಮೇಲಿದೆ, ಸಾಮಾನ್ಯ ಸ್ಟೀಲ್ ಕಪಾಟಿನ ಅಗಲ 36. ಅಗಲಕ್ಕೆ ಒಮ್ಮೆ ಮಡಿಸಲೇಬೇಕು. ಒಡಲಿನಲ್ಲಿ ಆ ಮಡಿಕೆ ಸಾದಾ ರೇಷ್ಮೆಯ ಮೇಲೆ ಬೀಳುತ್ತದೆ, ಸೆರಗಿನಲ್ಲಿ ಜರಿಯ ಮೇಲೆಯೇ ಬೀಳುತ್ತದೆ. ಅಲ್ಲಿ ಒಳಗೆ ಹೆಬ್ಬೆರಳು ದಪ್ಪ ಮಲ್ಮಲ್ ಸುರುಳಿ ಇಟ್ಟರೆ ಗೆರೆ ಚೂಪಾಗುವುದಿಲ್ಲ.

ಡೊಂಬಿವಲಿ ಭಟ್ರು

ಮಂಚದ ಪೆಟ್ಟಿಗೆ ಆರು ಅಡಿ ಉಂಟಲ್ಲ, ಮಡಿಸದೇ ಇಡಬಹುದು.

ಸೆರಗಿನ ಕೊನೆ

ಇದು ಒಳ್ಳೆಯ ಮಾತು, ನನಗೆ ಹೊಳೆದಿರಲಿಲ್ಲ. ಮೂರನೇ ಮಾಳಿಗೆ ಆದ್ದರಿಂದ ನೆಲದ ತೇವದ ಭಯ ಕಡಿಮೆ. ಹೊಸ ಪ್ಲೈವುಡ್ ಆದರೆ ಮಾತ್ರ ಬೇಡ, ಅದರ ಅಂಟಿನ ಆವಿ ಜರಿಗೆ ಒಳ್ಳೆಯದಲ್ಲ.

ಪುಣೆ ಪಡಸಾಲಿ

ಬ್ಲೌಸ್ ಉಳದಾವ. ಕಂಕುಳಾಗ ಬೆವರಿಗೆ ರೇಷ್ಮಿ ಸತ್ತದ್ದು ರಿಪೇರಿ ಆಗಾಂಗಿಲ್ಲ. ಹಂಗಂತ ಎಂಟೂ ಎಸೀಬ್ಯಾಡ್ರಿ. ಯಾವ ಸೀರಿ ರಿಪೇರಿಗೆ ಹೊಂಟದ, ಅದರ ಬ್ಲೌಸ್ ಬೆನ್ನಿನ ತುಂಡು ಕತ್ತರಿಸಿ ಜೋಡಿ ಕೊಡ್ರಿ. ಅದ ಸೀರಿ, ಅದ ಬಣ್ಣ, ಅಷ್ಟ ವರ್ಷ ಮಾಸಿದ್ದು. ರಫೂದವರಿಗೆ ಎಳಿನೂ ಅಲ್ಲಿಂದನ ಸಿಗತದ. ಹೊಸಾ ಎಳಿ ಹಾಕಿದ್ರ ದೂರಿಂದ ಕಾಣತದ.

ಮುಲುಂಡ್ ಮೂರನೇ ಮಾಳಿಗೆ

ಪೈಠಣಿಯ ಬ್ಲೌಸ್ ಸಿಕ್ಕಿತು! ಇಳಕಲ್ಲಿನದು ಇಲ್ಲ. ದಾನದ ರಾಶಿ: ಸನ್ಮಾನದ ಶಾಲು 11, ಸ್ವೆಟರ್ 4. ಹಳೇ ಬಟ್ಟೆ ಸಂಗ್ರಹಿಸಿ ಬೇಕಾದವರಿಗೆ ಮುಟ್ಟಿಸುವ ಗೂಂಜ್ ಸಂಸ್ಥೆಯವರಿಗೆ ಕೊಡೋಣವೆಂದಿದ್ದೇನೆ. ಶಾಲುಗಳಿಗೂ ಉಣ್ಣೆಯ ಹಾಗೆ ಹುಳ ನೋಡಬೇಕೇ?

ಸೆರಗಿನ ಕೊನೆ

ಸನ್ಮಾನದ ಶಾಲಿನಲ್ಲಿ ಉಣ್ಣೆ ಸಿಗುವುದು ಸನ್ಮಾನಿತರ ಭಾಷಣ ಚಿಕ್ಕದಾಗಿರುವಷ್ಟೇ ಅಪರೂಪ. ಅಂಚಿನ ಒಂದು ಎಳೆ ಸುಟ್ಟು ನೋಡಿ. ಕೂದಲ ವಾಸನೆ ಬಂದು ಬೂದಿ ಹುಡಿಯಾದರೆ ಉಣ್ಣೆ, ಗಟ್ಟಿ ಗುಂಡಾದರೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್, ಕಾಗದದ ವಾಸನೆಯಾದರೆ ಹತ್ತಿ ಅಥವಾ ವಿಸ್ಕೋಸ್. ಉಣ್ಣೆಯಲ್ಲದ್ದಕ್ಕೆ ಬಟ್ಟೆಹುಳದ ಭಯ ಇಲ್ಲವೆನ್ನುವಷ್ಟು ಕಡಿಮೆ. ಒಗೆದು ಕೊಟ್ಟರೆ ಸಾಕು.

ಸ್ವೆಟರುಗಳನ್ನು ಈಗ ಕೊಡುವ ಬದಲು ಸೆಪ್ಟೆಂಬರ್ ಕೊನೆಗೆ ಕೊಡಿ. ಮುಂಬಯಿಯಲ್ಲಿ ಅವು ಬೇಕಾದವರು ಕಡಿಮೆ, ಉತ್ತರಕ್ಕೆ ಹೋಗಬೇಕು. ಮಳೆಗಾಲವಿಡೀ ಯಾವುದೋ ಗೋದಾಮಿನಲ್ಲಿ ಕೂತರೆ ಬೂಷ್ಟು ಹಿಡಿಯುತ್ತದೆ. ಗುಂಡಿ, ಜಿಪ್ ಸರಿ ಇರಬೇಕು. ರಿಪೇರಿ ಬೇಕಾದದ್ದನ್ನು ದಾನದ ರಾಶಿಗೆ ಹಾಕಿದರೆ ಎಸೆಯುವ ಕೆಲಸ ಇನ್ನೊಬ್ಬರಿಗೆ ಕೊಟ್ಟ ಹಾಗೆ.

ಮುಲುಂಡ್ ಮೂರನೇ ಮಾಳಿಗೆ

ಎಳೆ ಸುಟ್ಟು ನೋಡಿದೆ: 11ರಲ್ಲಿ 10 ಗುಂಡಾದವು, ಒಂದು ಮಾತ್ರ ಕೂದಲ ವಾಸನೆ. ಅದು ಉಣ್ಣೆಯ ಟ್ರಂಕಿಗೆ ಹೋಯಿತು. ಉಣ್ಣೆ ಈಗ ಮಕ್ಕಳ ಕೋಣೆಯ ಅಟ್ಟದಲ್ಲಿ, ರೇಷ್ಮೆ ನಮ್ಮ ಕೋಣೆಯಲ್ಲಿ. ಪೈಠಣಿಯನ್ನು ಮಂಚದ ಪೆಟ್ಟಿಗೆಗೆ ಹಾಕಲು ಕೊಳವೆ ತರಿಸಿದ್ದೇನೆ. ಹುಡಿ ಬಂದ ಆ ಒಂದು ಗೆರೆಯ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಸೆರಗು ಕತ್ತರಿಸಿ ಚೌಕಟ್ಟು ಹಾಕಿಸಿ ಎಂದು ಮಗಳು, ಹಾಗೇ ಇಡು ಎಂದು ಅತ್ತೆ.

ಪುಣೆ ಪಡಸಾಲಿ

ಕತ್ತರಿ ಹಾಕೂಕಿಂತ ಮೊದಲ ಪೈಠಣಿ ರಫೂ ಮಾಡೋ ಕೈಗೆ ಒಮ್ಮೆ ತೋರಸ್ರಿ. ಪುಣೆಗೆ ಬಂದ್ರ ಲಕ್ಷ್ಮೀ ರೋಡಿನ ಸೀರಿ ಅಂಗಡ್ಯಾಗ ಕೇಳ್ರಿ, ಯಾರ ಹತ್ರ ಕೊಡತಾರ ಅಂತ ಹೇಳತಾರ. ಬ್ಲೌಸ್ ತುಂಡು ಮರೀಬ್ಯಾಡ್ರಿ. ಮಳಿ ಇದ್ದಾಗ ತರಬ್ಯಾಡ್ರಿ.

ವಾಸ್ಕೋ ತಗಡಿನ ಮಾಡು

ಬೆಲ್ಟು?